ಆರ್‌ಎಚ್ ಹೊಂದದ ಬಸಿರು ಮತ್ತು ಆ್ಯಂಟಿ-ಡಿ ಚುಚ್ಚುಮದ್ದು

ತಾಯಿಯ ರಕ್ತದಲ್ಲಿ ಹುಟ್ಟಿಕೊಂಡ ಪ್ರತಿಕಾಯಗಳು ಮಾಸನ್ನು ದಾಟಿ ಹೊಟ್ಟೆಯೊಳಗಿನ ಮಗುವಿನ ಕೆಂಪು ರಕ್ತಕಣಗಳನ್ನು ಒಡೆಯತೊಡಗಿದರೆ ಬರುವ ಕಾಯಿಲೆಯೇ ನವಜಾತ ಶಿಶುವಿನ ರಕ್ತಕಣನಾಶ ರೋಗ. ತಾಯಿ ಮಗುವಿನ ರಕ್ತ ಹೊಂದದಿರುವುದಕ್ಕೆ ಹಲವು ದಾರಿಗಳಿದ್ದರೂ ಅತಿ ತೀವ್ರವಾದ ರೂಪ ಕಾಣುವುದು ತಾಯಿ ಆರ್‌ಎಚ್ ನೆಗೆಟಿವ್, ಮಗು ಆರ್‌ಎಚ್ ಪಾಸಿಟಿವ್ ಆಗಿರುವಾಗ. ಇದನ್ನು ತಡೆಯಲು 1968ರಿಂದ ಆ್ಯಂಟಿ-ಡಿ ಎಂಬ ಚುಚ್ಚುಮದ್ದು ಇದೆ. ಈ ಚುಚ್ಚುಮದ್ದನ್ನು ಸರಿಯಾಗಿ ಅರ್ಥಮಾಡಿಕೊಳ್ಳಲು ಒಂದು ವಿಷಯವನ್ನು ಗಟ್ಟಿಯಾಗಿ ಹಿಡಿದುಕೊಳ್ಳಬೇಕು: ಕಾಯಿಲೆ ಬಂದ ಮೇಲೆ ಇದರಿಂದ ಏನೂ ಪ್ರಯೋಜನವಿಲ್ಲ. ತಾಯಿಯ ದೇಹ ಮಗುವಿನ ರಕ್ತವನ್ನು ‘ಪರಕೀಯ’ ಎಂದು ಗುರುತಿಸಿ ನೆನಪಿಟ್ಟುಕೊಳ್ಳುವ ಮೊದಲೇ ಇದು ಒಳಗಿರಬೇಕು. ಹಾಗಾಗಿ ಚುಚ್ಚುಮದ್ದನ್ನು ಯಾವಾಗ ಕೊಟ್ಟರು, ಎಷ್ಟು ಕೊಟ್ಟರು ಎಂಬ ಎರಡು ಪ್ರಶ್ನೆಗಳ ಮೇಲೆಯೇ ಎಲ್ಲವೂ ನಿಂತಿದೆ. ಇಂದಿಗೂ ಈ ಕಾಯಿಲೆಯಿಂದ ಮಕ್ಕಳು ಸಾಯುತ್ತಿದ್ದರೆ ಅದಕ್ಕೆ ಹೆಚ್ಚಿನ ಸಂದರ್ಭಗಳಲ್ಲಿ ಔಷಧಿಯ ದೌರ್ಬಲ್ಯ ಕಾರಣವಲ್ಲ, ಈ ಎರಡು ಲೆಕ್ಕಗಳಲ್ಲಿ ಒಂದು ತಪ್ಪಿದ್ದೇ ಕಾರಣ.

ಕೆಂಪು ರಕ್ತಕಣದ ಹೊದಿಕೆಯ ಮೇಲೆ ಡಿ ಎಂಬ ಪ್ರೋಟೀನು ಇದ್ದವರು ಆರ್‌ಎಚ್ ಪಾಸಿಟಿವ್, ಇಲ್ಲದವರು ನೆಗೆಟಿವ್. ಇದನ್ನು ತಯಾರಿಸುವ ಜೀನು ಒಂದನೆಯ ವರ್ಣತಂತುವಿನ ಮೇಲಿದೆ. ತಂದೆತಾಯಿ ಇಬ್ಬರಿಂದಲೂ ಈ ಜೀನು ಬಾರದಿದ್ದರೆ ಮಾತ್ರ ವ್ಯಕ್ತಿ ನೆಗೆಟಿವ್ ಆಗುತ್ತಾನೆ. ನಮ್ಮ ಕಣಗಳಲ್ಲಿ ಇಲ್ಲದ ಎ ಅಥವಾ ಬಿ ಗುಂಪಿಗೆ ಎದುರಾದ ಪ್ರತಿಕಾಯಗಳು ನಮ್ಮಲ್ಲಿ ಶೈಶವದಿಂದಲೇ ಇರುತ್ತವೆ. ಡಿ ವಿಷಯದಲ್ಲಿ ಹಾಗಿಲ್ಲ. ನೆಗೆಟಿವ್ ವ್ಯಕ್ತಿಯ ದೇಹ ಪಾಸಿಟಿವ್ ರಕ್ತವನ್ನು ಒಮ್ಮೆಯಾದರೂ ಕಂಡ ಮೇಲೆಯೇ ಅದಕ್ಕೆ ಎದುರಾದ ಪ್ರತಿಕಾಯವನ್ನು ತಯಾರಿಸಲು ಕಲಿಯುತ್ತದೆ. ಕಲಿಕೆ ನಿಧಾನ, ವಾರಗಳು, ಕೆಲವೊಮ್ಮೆ ತಿಂಗಳುಗಳೇ ಬೇಕು. ಮೊದಲು ಹುಟ್ಟುವ ಐಜಿಎಂ ಜಾತಿಯ ಪ್ರತಿಕಾಯ ಗಾತ್ರದಲ್ಲಿ ದೊಡ್ಡದು, ಮಾಸನ್ನು ದಾಟಲಾರದು. ಆಮೇಲೆ ಬರುವ ಐಜಿಜಿ ಚಿಕ್ಕದು. ಮಗುವಿಗೆ ಸೋಂಕಿನಿಂದ ರಕ್ಷಣೆ ಕೊಡುವ ತಾಯಿಯ ಉಳಿದ ಪ್ರತಿಕಾಯಗಳು ದಾಟುವ ದಾರಿಯಲ್ಲೇ ಇದೂ ದಾಟುತ್ತದೆ. ತಾಯಿ ಮಗುವಿನ ರಕ್ತ ಅತಿ ಹೆಚ್ಚು ಬೆರೆಯುವುದು ಹೆರಿಗೆಯಲ್ಲಿ ಮಾಸು ಕಳಚುವಾಗ. ಆದ್ದರಿಂದ ಮೊದಲ ಮಗು ಸಾಮಾನ್ಯವಾಗಿ ಏನೂ ಆಗದೆ ಹುಟ್ಟುತ್ತದೆ, ಕಲಿಕೆ ಅದು ಹುಟ್ಟಿದ ಮೇಲೆ ಆಗುತ್ತದೆ. ಮುಂದಿನ ಬಸಿರಿನಲ್ಲಿ ಮತ್ತೊಂದು ಪಾಸಿಟಿವ್ ಮಗು ಇದ್ದರೆ ಕೆಲವೇ ಹನಿ ರಕ್ತ ಸಾಕು, ಕೆಲವೇ ದಿನಗಳಲ್ಲಿ ಐಜಿಜಿ ಪ್ರವಾಹದಂತೆ ಹೊರಡುತ್ತದೆ. ಬಸಿರಿನಿಂದ ಬಸಿರಿಗೆ ಕಾಯಿಲೆ ಉಲ್ಬಣಿಸುವುದು ಇದೇ ಕಾರಣಕ್ಕೆ. ಮೊದಲ ಹೆರಿಗೆ ಸಲೀಸಾಗಿ ಆಯಿತೆಂಬುದು ಈ ವಿಷಯದಲ್ಲಿ ಯಾವ ಭರವಸೆಯನ್ನೂ ಕೊಡುವುದಿಲ್ಲ.

ಪ್ರತಿಕಾಯ ಅಂಟಿದ ಕೆಂಪುಕಣಗಳನ್ನು ಮಗುವಿನ ಗುಲ್ಮ ಒಂದೊಂದಾಗಿ ಹಿಡಿದು ನಾಶಮಾಡುತ್ತದೆ. ನಷ್ಟ ತುಂಬಲು ಮೂಳೆಮಜ್ಜೆ ದುಡಿಯುತ್ತದೆ. ಅದು ಸಾಲದಾದಾಗ ಪಿತ್ತಜನಕಾಂಗ ಮತ್ತು ಗುಲ್ಮಗಳೂ ರಕ್ತ ತಯಾರಿಕೆಗೆ ಇಳಿದು ಊದಿಕೊಳ್ಳುತ್ತವೆ, ಪಕ್ವವಾಗದ ಕಣಗಳು ರಕ್ತಕ್ಕೆ ಬೀಳುತ್ತವೆ. ರಕ್ತಹೀನತೆ ಇನ್ನೂ ಹೆಚ್ಚಿದರೆ ಹೃದಯ ಸೋಲುತ್ತದೆ, ಹೊಟ್ಟೆಯಲ್ಲೂ ಎದೆಗೂಡಿನಲ್ಲೂ ಚರ್ಮದಡಿಯಲ್ಲೂ ನೀರು ತುಂಬುತ್ತದೆ. ಇದಕ್ಕೆ ಹೈಡ್ರಾಪ್ಸ್ ಎನ್ನುತ್ತಾರೆ. ಹಾಗಾದ ಮಗು ಚಿಕಿತ್ಸೆಯಿಲ್ಲದೆ ಉಳಿಯುವುದು ಅಪರೂಪ. ಗರ್ಭದಲ್ಲಿರುವಷ್ಟು ಕಾಲ ಮಗುವಿಗೆ ಕಾಮಾಲೆ ಇರುವುದಿಲ್ಲ, ಏಕೆಂದರೆ ಒಡೆದ ಕಣಗಳಿಂದ ಹೊರಬಂದ ಬಿಲಿರುಬಿನ್ನನ್ನು ಮಾಸಿನ ಮೂಲಕ ತಾಯಿಯ ದೇಹವೇ ಹೊರಹಾಕುತ್ತಿರುತ್ತದೆ. ಹೊಕ್ಕುಳಬಳ್ಳಿ ಕತ್ತರಿಸಿದ ಕ್ಷಣದಿಂದ ಆ ಕೆಲಸ ಮಗುವಿನ ಎಳೆಯ ಪಿತ್ತಜನಕಾಂಗದ ಮೇಲೆ ಬೀಳುತ್ತದೆ, ಅದಕ್ಕೆ ಇನ್ನೂ ಆ ಶಕ್ತಿ ಬಂದಿರುವುದಿಲ್ಲ. ಎಳೆಗೂಸುಗಳ ಸಾಧಾರಣ ಕಾಮಾಲೆ ಎರಡು ಮೂರನೆಯ ದಿನ ತೋರಿದರೆ, ಈ ಕಾಯಿಲೆಯ ಹಳದಿ ಮೊದಲ 24 ಗಂಟೆಗಳೊಳಗೇ ಕಾಣಿಸಿಕೊಳ್ಳುತ್ತದೆ. ಅದೇ ಎಚ್ಚರಿಕೆಯ ಗುರುತು. ಬಿಲಿರುಬಿನ್ ಮಿತಿಮೀರಿ ಮೆದುಳಿನ ಒಳಭಾಗಗಳಿಗೆ ಇಳಿದರೆ ಬದುಕಿದ ಮಗುವಿಗೂ ಕಿವುಡು ಮತ್ತು ಅಂಗಾಂಗಗಳ ಹತೋಟಿ ತಪ್ಪಿದ ಚಲನೆಗಳು ಜೀವನಪೂರ್ತಿ ಉಳಿಯುತ್ತವೆ. ಮಗುವಿನ ಕೆಂಪುಕಣಗಳ ಮೇಲೆ ತಾಯಿಯ ಪ್ರತಿಕಾಯ ಅಂಟಿದೆಯೇ ಎಂದು ನೋಡುವ ಡಿಸಿಟಿ ಪರೀಕ್ಷೆ ರೋಗವನ್ನು ಖಚಿತಪಡಿಸುತ್ತದೆ. ನೀಲಿ ಬೆಳಕಿನ ಚಿಕಿತ್ಸೆ, ತೀರ ಅಗತ್ಯವಿದ್ದಾಗ ಮಗುವಿನ ರಕ್ತವನ್ನು ತುಸುತುಸುವೇ ತೆಗೆದು ಬೇರೆ ರಕ್ತ ತುಂಬುವ ರಕ್ತ ಬದಲಾವಣೆ, ಇವು ಹುಟ್ಟಿದ ಮೇಲಿನ ಚಿಕಿತ್ಸೆಗಳು.

ಕಾರಣ ಬೆಳಕಿಗೆ ಬಂದದ್ದು ಒಬ್ಬ ತಾಯಿಯ ರಕ್ತದಿಂದ. 1939ರಲ್ಲಿ ಫಿಲಿಪ್ ಲೆವೀನ್ ಮತ್ತು ರೂಫಸ್ ಸ್ಟೆಟ್ಸನ್ ನ್ಯೂಯಾರ್ಕಿನ ಒಂದು ಪ್ರಕರಣವನ್ನು ವರದಿ ಮಾಡಿದರು. ಓ ಗುಂಪಿನ ಆಕೆ ಸತ್ತ ಮಗುವನ್ನು ಹೆತ್ತಿದ್ದಳು. ಹೆರಿಗೆಯ ನಂತರ ಅದೇ ಓ ಗುಂಪಿನ ಗಂಡನ ರಕ್ತವನ್ನು ಕೊಟ್ಟರೆ ಆಕೆಯ ದೇಹ ಅದನ್ನು ಉಗ್ರವಾಗಿ ತಿರಸ್ಕರಿಸಿತು. ಗುಂಪು ಹೊಂದುವ 104 ದಾನಿಗಳ ರಕ್ತವನ್ನು ಆಕೆಯ ಸೀರಮ್ಮಿನೊಡನೆ ಬೆರೆಸಿ ನೋಡಿದಾಗ 80 ಮಾದರಿಗಳು ಗಟ್ಟಿಕಟ್ಟಿದವು. ಎಬಿಒ ಗುಂಪುಗಳಾಚೆ ಇನ್ನೊಂದು ಅಂಶವಿದೆ, ಮಗು ಅದನ್ನು ತಂದೆಯಿಂದ ಪಡೆದು ತಾಯಿಯ ದೇಹಕ್ಕೆ ಪರಿಚಯಿಸಿದೆ ಎಂದು ಅವರು ಊಹಿಸಿದರು. ಮರುವರ್ಷ ಕಾರ್ಲ್ ಲ್ಯಾಂಡ್‌ಸ್ಟೈನರ್ ಮತ್ತು ಅಲೆಕ್ಸಾಂಡರ್ ವೀನರ್ ರೀಸಸ್ ಕೋತಿಗಳ ರಕ್ತವನ್ನು ಬಳಸಿ ಮಾಡಿದ ಪ್ರಯೋಗದಿಂದ ಆರ್‌ಎಚ್ ಎಂಬ ಹೆಸರು ಬಂತು. 1941ರ ಹೊತ್ತಿಗೆ ಲೆವೀನ್ ಈ ಅಂಶಕ್ಕೂ ಶಿಶುಗಳ ಕಾಯಿಲೆಗೂ ಇರುವ ಸಂಬಂಧವನ್ನು ತೋರಿಸಿಕೊಟ್ಟರು.

ತಡೆಯುವ ದಾರಿಯ ಸುಳಿವೂ ಲೆವೀನರ ಕಡತಗಳಲ್ಲೇ ಇತ್ತು. ರೋಗಪೀಡಿತ ಮಕ್ಕಳ ತಂದೆತಾಯಂದಿರನ್ನು ಗಮನಿಸಿದಾಗ, ಎಬಿಒ ಗುಂಪು ಕೂಡ ಹೊಂದದ ದಂಪತಿಗಳು ಅಲ್ಲಿ ನಿರೀಕ್ಷೆಗಿಂತ ಬಹಳ ಕಡಿಮೆ ಇದ್ದರು. ಎರಡು ರೀತಿಯಲ್ಲಿ ಹೊಂದದಿದ್ದರೆ ಅಪಾಯ ಹೆಚ್ಚಬೇಕಿತ್ತಲ್ಲವೇ? ಆದದ್ದು ತಿರುಗುಮುರುಗು. ತಾಯಿ ಓ, ಮಗು ಎ ಎಂದು ಇಟ್ಟುಕೊಳ್ಳಿ. ಮಗುವಿನ ಕಣಗಳು ತಾಯಿಯ ರಕ್ತಕ್ಕೆ ಬಿದ್ದೊಡನೆ ಅಲ್ಲಿ ಮೊದಲೇ ಇದ್ದ ಎ-ವಿರೋಧಿ ಪ್ರತಿಕಾಯ ಅವುಗಳನ್ನು ತೊಡೆದುಹಾಕುತ್ತದೆ. ಡಿ ಪ್ರೋಟೀನನ್ನು ಗುರುತಿಸುವ ಅವಕಾಶವೇ ತಾಯಿಯ ದೇಹಕ್ಕೆ ಸಿಗುವುದಿಲ್ಲ. ಲಿವರ್‌ಪೂಲಿನಲ್ಲಿ ಚಿಟ್ಟೆಗಳ ಆನುವಂಶಿಕತೆಯನ್ನು ಅಧ್ಯಯನ ಮಾಡುತ್ತಿದ್ದ ವೈದ್ಯ ಸಿರಿಲ್ ಕ್ಲಾರ್ಕ್ ಅವರ ತಂಡದ ರೊನಾಲ್ಡ್ ಫಿನ್ 1960ರಲ್ಲಿ ಇದನ್ನೇ ಕೃತಕವಾಗಿ ಮಾಡಬಹುದೆಂದರು: ಡಿ-ವಿರೋಧಿ ಪ್ರತಿಕಾಯವನ್ನೇ ತಾಯಿಗೆ ಚುಚ್ಚಿ, ಆಕೆಯ ದೇಹ ತಾನಾಗಿ ಅದನ್ನು ತಯಾರಿಸಲು ಕಲಿಯದಂತೆ ನೋಡಿಕೊಳ್ಳುವುದು. ಅದೇ ಕಾಲಕ್ಕೆ ನ್ಯೂಯಾರ್ಕಿನಲ್ಲಿ ವಿನ್ಸೆಂಟ್ ಫ್ರೇಡ, ಜಾನ್ ಗೋರ್ಮನ್ ಮತ್ತು ವಿಲಿಯಂ ಪೊಲ್ಲಾಕ್ ಬೇರೆ ದಾರಿಯಿಂದ ಅಲ್ಲಿಗೇ ಬಂದರು. ಪ್ರತಿಕಾಯ ಹೇರಳವಾಗಿರುವಾಗ ಹೊರಗಿನ ವಸ್ತು ದೇಹವನ್ನು ಪ್ರಚೋದಿಸುವುದಿಲ್ಲವೆಂದು ಥಿಯೊಬಾಲ್ಡ್ ಸ್ಮಿತ್ 1909ರಲ್ಲಿ ಬರೆದಿದ್ದ ಮಾತು ಅವರ ಆಧಾರ. ಲಿವರ್‌ಪೂಲಿನ ಮೊದಲ ಪ್ರಯತ್ನ ಕೆಟ್ಟಿತು. ಐಜಿಎಂ ಜಾತಿಯ ಪ್ರತಿಕಾಯವನ್ನು ಬಳಸಿದಾಗ ಸ್ವಯಂಸೇವಕರ ದೇಹ ಕಲಿಯದೆ ಉಳಿಯುವ ಬದಲು ಹೆಚ್ಚೇ ಕಲಿತಿತು. ಐಜಿಜಿಗೆ ಬದಲಾಯಿಸಿದ ಮೇಲೆ ಉಪಾಯ ಫಲಿಸಿತು. ಈ ಸೋಲನ್ನು ಚರಿತ್ರೆಯ ಅಡಿಟಿಪ್ಪಣಿಯೆಂದು ದಾಟಿಬಿಡುವುದು ಸರಿಯಲ್ಲ. ಯಾವುದೋ ಪ್ರತಿಕಾಯ ಕಣಕ್ಕೆ ಅಂಟಿದರೆ ಸಾಕೆಂಬ ಊಹೆಯನ್ನು ಅದು ಮುರಿಯಿತು.

ಐಜಿಜಿ ನಿಖರವಾಗಿ ಹೇಗೆ ಕೆಲಸಮಾಡುತ್ತದೆಂಬುದು ಇಂದಿಗೂ ಪೂರ್ತಿ ಬಗೆಹರಿದಿಲ್ಲ. ಮಗುವಿನ ಕಣಗಳು ಬೇಗ ತಾಯಿಯ ಗುಲ್ಮಕ್ಕೆ ಸೇರಿ ನಾಶವಾಗುತ್ತವೆ ಎಂಬುದು ಒಂದು ವಿವರಣೆ, ಪ್ರತಿಕಾಯ ಡಿ ತಾಣಗಳನ್ನು ಮರೆಮಾಚುತ್ತದೆ ಎಂಬುದು ಇನ್ನೊಂದು. ಆದರೆ ಕಣದ ಮೇಲಿನ ಡಿ ತಾಣಗಳಲ್ಲಿ ಸ್ವಲ್ಪ ಭಾಗಕ್ಕೆ ಮಾತ್ರ ಪ್ರತಿಕಾಯ ಅಂಟಿದ್ದರೂ ರಕ್ಷಣೆ ಸಿಗುವುದರಿಂದ, ಬರೀ ಮರೆಮಾಚುವಿಕೆ ಅದಲ್ಲವೆಂದು ಸ್ಪಷ್ಟ. ವಿವರಣೆ ಅರ್ಧದಲ್ಲಿದ್ದರೂ ಫಲಿತಾಂಶದ ಬಗ್ಗೆ ಸಂದೇಹವಿಲ್ಲ. ಎಬಿಒ ಗುಂಪು ಹೊಂದುವ ಪಾಸಿಟಿವ್ ಮಗುವನ್ನು ಹೆತ್ತ ನೂರು ನೆಗೆಟಿವ್ ತಾಯಂದಿರಲ್ಲಿ ಏನೂ ಕೊಡದಿದ್ದರೆ ಸುಮಾರು 16 ಮಂದಿಯ ದೇಹ ಪ್ರತಿಕಾಯ ತಯಾರಿಸಲು ಕಲಿಯುತ್ತದೆ. ಹೆರಿಗೆಯಾದ ಮೇಲೆ ಚುಚ್ಚುಮದ್ದು ಕೊಟ್ಟರೆ ಅದು ಒಂದೆರಡಕ್ಕೆ ಇಳಿಯುತ್ತದೆ. ಬಸಿರಿನಲ್ಲೂ ಒಂದು ಕೊಟ್ಟರೆ ಸಾವಿರಕ್ಕೆ ಒಂದರಿಂದ ಮೂರರಷ್ಟಾಗುತ್ತದೆ.

ಇಲ್ಲಿ ಮೊದಲ ಆಕ್ಷೇಪ ಏಳುತ್ತದೆ: ಹೆರಿಗೆಯ ನಂತರದ ಒಂದೇ ಚುಚ್ಚುಮದ್ದು ಇಷ್ಟು ರಕ್ಷಿಸುವುದಾದರೆ ಬಸಿರಿನಲ್ಲಿ ಇನ್ನೊಂದರ ಖರ್ಚೇಕೆ? ಉತ್ತರ ಕೆನಡಾದ ವಿನಿಪೆಗ್ಗಿನಲ್ಲಿ ಜಾನ್ ಬೊಮನ್ ಅವರು 1970ರ ದಶಕದಲ್ಲಿ ಕಲೆಹಾಕಿದ ಪುರಾವೆಯಲ್ಲಿದೆ. ಪಾಸಿಟಿವ್ ಮಗುವನ್ನು ಹೊತ್ತ ನೆಗೆಟಿವ್ ತಾಯಂದಿರಲ್ಲಿ ಶೇ. 1.8ರಷ್ಟು ಮಂದಿಯಲ್ಲಿ ಹೆರಿಗೆಗೆ ಮುಂಚೆಯೇ, ಇಲ್ಲವೆ ಹೆರಿಗೆಯಾದ ಮೂರು ದಿನಗಳಲ್ಲಿ ಪ್ರತಿಕಾಯ ಕಂಡುಬಂದಿತ್ತು. ಇವರಿಗೆ ಹೆರಿಗೆಯ ನಂತರದ ಚುಚ್ಚುಮದ್ದು ತಡವಾದದ್ದು. ಕೊನೆಯ ಮೂರು ತಿಂಗಳಲ್ಲಿ ಗೊತ್ತಾಗದಂತೆ ಸೋರುವ ರಕ್ತವೇ ಇದಕ್ಕೆ ಕಾರಣ. 28 ವಾರಕ್ಕೆ ಮೊದಲು ಹೀಗಾಗುವುದು ವಿರಳ. ಹೀಗಾಗಿ 28ನೆಯ ವಾರ ಸಮಯವಾಯಿತು. 300 ಮೈಕ್ರೊಗ್ರಾಂ ಎಂದರೆ 1500 ಯೂನಿಟ್ಟಿನ ಒಂದು ಚುಚ್ಚುಮದ್ದು ರೂಢಿಗೆ ಬಂತು. ಕೆಲವು ದೇಶಗಳಲ್ಲಿ ಕಡಿಮೆ ಪ್ರಮಾಣವನ್ನು 28 ಮತ್ತು 34ನೆಯ ವಾರಗಳಲ್ಲಿ ಎರಡು ಬಾರಿ ಕೊಡುತ್ತಾರೆ. ಈ ಪ್ರತಿಕಾಯ ದೇಹದಲ್ಲಿ ಮೂರು ವಾರಕ್ಕೊಮ್ಮೆ ಅರ್ಧವಾಗುತ್ತದೆ. 28ರಲ್ಲಿ ಕೊಟ್ಟ 300 ಮೈಕ್ರೊಗ್ರಾಂ 31ರಲ್ಲಿ 150, 34ರಲ್ಲಿ 75, 37ರಲ್ಲಿ 37, 40ರಲ್ಲಿ ಸುಮಾರು 19. ಸಣ್ಣ ಸೋರಿಕೆಗಳನ್ನು ಇದು ತಡೆಯಬಲ್ಲದು, ಹೆರಿಗೆಯ ದೊಡ್ಡ ಬೆರಕೆಯನ್ನು ಎದುರಿಸುವ ಬಲ ಅದಕ್ಕಿಲ್ಲ. ಆದ್ದರಿಂದ ಬಸಿರಿನಲ್ಲಿ ಆಯಿತೆಂದು ಹೆರಿಗೆಯ ಮೇಲಿನದನ್ನು ಬಿಡುವಂತಿಲ್ಲ. ಮಗುವಿನ ಗುಂಪು ನೋಡಿ ಪಾಸಿಟಿವ್ ಆಗಿದ್ದರೆ 72 ಗಂಟೆಗಳೊಳಗೆ ಮತ್ತೊಂದು ಕೊಡಬೇಕು. ಈ 72ರ ಹಿಂದೆ ದೇಹದ ಗಡಿಯಾರವಿಲ್ಲ. ನ್ಯೂಯಾರ್ಕಿನ ತಂಡದ ಸ್ವಯಂಸೇವಕರು ಸಿಂಗ್ ಸಿಂಗ್ ಸೆರೆಮನೆಯ ಕೈದಿಗಳಾಗಿದ್ದರು, ಒಳಗೆ ಹೋಗಿಬರುವ ಕಟ್ಟುಪಾಡುಗಳಿಂದಾಗಿ ರಕ್ತಕಣ ಕೊಟ್ಟ ಮೂರು ದಿನಕ್ಕೆ ಪ್ರತಿಕಾಯ ಕೊಡುವ ಕ್ರಮ ಅಲ್ಲಿ ರೂಪುಗೊಂಡು ಅದೇ ಗಡುವಾಗಿ ಉಳಿಯಿತು. ಆದುದರಿಂದ ನಾಲ್ಕನೆಯ ದಿನ ಬಂದ ಬಾಣಂತಿಯನ್ನು ‘ಸಮಯ ಮೀರಿತು’ ಎಂದು ಹಿಂದಕ್ಕೆ ಕಳಿಸುವುದು ತಪ್ಪು. ತಡವಾದಷ್ಟೂ ರಕ್ಷಣೆ ಕುಗ್ಗುತ್ತದೆ, ಆದರೂ ಹತ್ತು ದಿನದವರೆಗೆ, ಕೆಲವು ಮಾರ್ಗದರ್ಶಿಗಳ ಪ್ರಕಾರ 28 ದಿನದವರೆಗೂ ಕೊಡುವುದರಲ್ಲಿ ಅರ್ಥವಿದೆ.

ಎಷ್ಟು ಎಂಬ ಲೆಕ್ಕ ಇಷ್ಟೇ ಮುಖ್ಯ, ಆದರೆ ಆಸ್ಪತ್ರೆಗಳಲ್ಲಿ ಹೆಚ್ಚಾಗಿ ಮರೆತುಹೋಗುವುದು ಇದೇ. ಒಂದು ಪೂರ್ಣ ಚುಚ್ಚುಮದ್ದು ಮಗುವಿನ 30 ಮಿಲಿಲೀಟರ್ ರಕ್ತದ ವಿರುದ್ಧ ರಕ್ಷಣೆ ಕೊಡುತ್ತದೆ. ಬಹುಪಾಲು ಹೆರಿಗೆಗಳಲ್ಲಿ ಬೆರೆಯುವ ರಕ್ತ ಅದಕ್ಕಿಂತ ಎಷ್ಟೋ ಕಡಿಮೆ; ಸಾವಿರಕ್ಕೆ ಕೆಲವೇ ತಾಯಂದಿರಲ್ಲಿ ಅದು ಮೀರುತ್ತದೆ. ಆ ಕೆಲವರನ್ನು ಕಂಡುಹಿಡಿಯಲು ಕ್ಲೈಹೌವರ್ ಪರೀಕ್ಷೆ ಇದೆ. ತಾಯಿಯ ರಕ್ತವನ್ನು ಗಾಜಿನ ಮೇಲೆ ತೆಳ್ಳಗೆ ಹರಡಿ ಆಮ್ಲದಲ್ಲಿ ಅದ್ದಿದರೆ ದೊಡ್ಡವರ ಹಿಮೋಗ್ಲೋಬಿನ್ ಕರಗಿಹೋಗಿ ಕಣಗಳು ಬಣ್ಣವಿಲ್ಲದ ನೆರಳುಗಳಂತೆ ಉಳಿಯುತ್ತವೆ, ಮಗುವಿನ ಕಣಗಳು ಮಾತ್ರ ಗುಲಾಬಿಯಾಗಿ ಕಾಣುತ್ತವೆ, ಎಣಿಸಿದರಾಯಿತು. ಹೀಗೊಂದು ಸಂದರ್ಭ ಇಟ್ಟುಕೊಳ್ಳೋಣ. ತಾಯಿ ಎ ನೆಗೆಟಿವ್, ಗಂಡ ಎ ಪಾಸಿಟಿವ್, ಹಾಗಾಗಿ ಎಬಿಒ ಹೊಂದದಿರುವಿಕೆಯ ಸಹಜ ರಕ್ಷಣೆ ಇಲ್ಲಿಲ್ಲ. 28ನೆಯ ವಾರದಲ್ಲಿ ಐಸಿಟಿ ಪರೀಕ್ಷೆ, ಅಂದರೆ ತಾಯಿಯ ರಕ್ತದಲ್ಲಿ ಪ್ರತಿಕಾಯ ಇದೆಯೇ ಎಂಬ ಪರೀಕ್ಷೆ, ನೆಗೆಟಿವ್ ಬಂದು ಚುಚ್ಚುಮದ್ದು ಆಗಿದೆ. 36ನೆಯ ವಾರ ಸ್ಕೂಟರಿನಿಂದ ಬಿದ್ದು ಹೊಟ್ಟೆಗೆ ಪೆಟ್ಟಾಗಿ, ಮಗುವಿನ ಮಿಸುಕಾಟ ಕಡಿಮೆಯಾಗಿ ಸಿಸೇರಿಯನ್ ಮಾಡಿದ್ದಾರೆ. ಮಗು ಪಾಸಿಟಿವ್, ಸ್ವಲ್ಪ ಬಿಳುಚಿಕೊಂಡಿದೆ. ತಾಯಿಯ ರಕ್ತದಲ್ಲಿ ಸಾವಿರಕ್ಕೆ ಎಂಟು ಕಣಗಳು ಮಗುವಿನವು. ತಾಯಿಯ ಒಟ್ಟು ರಕ್ತ ಸುಮಾರು 5000 ಮಿಲಿಲೀಟರ್ ಎಂದುಕೊಂಡರೆ ಮಗುವಿನದು 40 ಮಿಲಿಲೀಟರ್. 40ನ್ನು 30ರಿಂದ ಭಾಗಿಸಿದರೆ 1.3, ಹತ್ತಿರದ ಪೂರ್ಣಸಂಖ್ಯೆಗೆ ಇಳಿಸಿ, ಎಣಿಕೆಯ ತಪ್ಪಿಗೆಂದು ಒಂದು ಕೂಡಿಸುವುದು ವಾಡಿಕೆ. ಎರಡು ಚುಚ್ಚುಮದ್ದು ಬೇಕು. ಎಲ್ಲರಂತೆ ಈಕೆಗೂ ಒಂದನ್ನು ಕೊಟ್ಟು ಕಳಿಸಿದರೆ 10 ಮಿಲಿಲೀಟರ್ ರಕ್ತ ರಕ್ಷಣೆಯಿಲ್ಲದೆ ಉಳಿಯುತ್ತದೆ. ಕೆಲವರಲ್ಲಿ ಕಲಿಕೆಗೆ ಮಿಲಿಲೀಟರಿನ ಹತ್ತನೆಯ ಒಂದು ಭಾಗವೇ ಸಾಕು. ಎರಡು ವರ್ಷದ ಮೇಲೆ ಮುಂದಿನ ಮಗುವಿಗೆ ಕಾಯಿಲೆ ಬಂದಾಗ ‘ಚುಚ್ಚುಮದ್ದು ಕೊಟ್ಟರೂ ಫಲಿಸಲಿಲ್ಲ’ ಎಂಬ ಮಾತು ಹುಟ್ಟುತ್ತದೆ. ಕಡತ ತೆಗೆದು ನೋಡಿದರೆ ಕೊಟ್ಟದ್ದು ಸಾಲದಿತ್ತು ಎಂದಷ್ಟೇ ತಿಳಿಯುತ್ತದೆ.

ಮಗುವಿನ ಕಣಗಳನ್ನು ಒಡೆಯುವ ಪ್ರತಿಕಾಯವನ್ನೇ ಬಸುರಿಗೆ ಚುಚ್ಚುವುದು ಬೆಂಕಿಯೊಡನೆ ಆಟವಲ್ಲವೇ ಎಂಬುದು ಎರಡನೆಯ ಆಕ್ಷೇಪ, ಮತ್ತು ಇದು ನ್ಯಾಯವಾದ ಪ್ರಶ್ನೆ. ಚುಚ್ಚಿದ ಐಜಿಜಿಯಲ್ಲಿ ಒಂದಂಶ ಮಾಸು ದಾಟುವುದು ನಿಜ. 28ರಲ್ಲಿ ಚುಚ್ಚುಮದ್ದು ಪಡೆದ ತಾಯಿಯ ಮಗುವಿನ ಡಿಸಿಟಿ ಹುಟ್ಟಿದಾಗ ಒಮ್ಮೊಮ್ಮೆ ಮಂದವಾಗಿ ಪಾಸಿಟಿವ್ ಬರುವುದುಂಟು. ಆದರೆ 300 ಮೈಕ್ರೊಗ್ರಾಂ ತಾಯಿಯ ಇಡೀ ದೇಹದಲ್ಲಿ ಹಂಚಿಹೋದ ಮೇಲೆ ಮಗುವಿಗೆ ತಲುಪುವುದು ಅತ್ಯಲ್ಪ, ದಿನೇದಿನೇ ಕರಗುವಂಥದು. ಕಲಿತ ದೇಹವಾದರೆ ಅದನ್ನು ನಿಲ್ಲದೆ ತಯಾರಿಸುತ್ತಲೇ ಇರುತ್ತದೆ. ದಶಕಗಳಿಂದ ಲಕ್ಷಾಂತರ ಬಸುರಿಯರಿಗೆ ಕೊಟ್ಟರೂ ಇದರಿಂದ ಮಕ್ಕಳಲ್ಲಿ ಚಿಕಿತ್ಸೆ ಬೇಕಾಗುವಷ್ಟು ರಕ್ತಹೀನತೆ ಉಂಟಾಗಿಲ್ಲ. ಇದರಿಂದ ನಿಜವಾಗಿ ಆಗುವ ತೊಂದರೆ ಬೇರೊಂದು. ಚುಚ್ಚುಮದ್ದಿನ ನಂತರ ತಾಯಿಯ ಐಸಿಟಿ ಮಾಡಿದರೆ ಚುಚ್ಚಿದ ಪ್ರತಿಕಾಯವೇ ಪಾಸಿಟಿವ್ ಎಂದು ತೋರಿಸುತ್ತದೆ, ಆಕೆಯ ದೇಹ ಕಲಿತುಬಿಟ್ಟಿದೆಯೆಂದು ತಪ್ಪಾಗಿ ಓದಿ ಹೆರಿಗೆಯ ಮೇಲಿನ ಚುಚ್ಚುಮದ್ದನ್ನು ನಿಲ್ಲಿಸುವ ಅಪಾಯವಿದೆ. ರಕ್ತದ ಮಾದರಿಯನ್ನು ಚುಚ್ಚುವ ಮೊದಲು ತೆಗೆಯಬೇಕು, ಚುಚ್ಚಿದ ದಿನಾಂಕವನ್ನು ತಾಯಿ ಕಾರ್ಡಿನಲ್ಲಿ ಬರೆಯಬೇಕು. ಚುಚ್ಚಿದ ಪ್ರತಿಕಾಯದ ಮಟ್ಟ ತೀರ ಕೆಳಗಿದ್ದು ವಾರವಾರವೂ ಇಳಿಯುತ್ತದೆ. ದೇಹವೇ ತಯಾರಿಸಿದ್ದಾದರೆ ಏರುತ್ತದೆ. ಗೊಂದಲವಾದಾಗ ಎರಡು ಬಾರಿ ನೋಡಿದರೆ ಬೇರ್ಪಡಿಸಬಹುದು.

ಮೂರನೆಯದು ವ್ಯರ್ಥವೆಂಬ ವಾದ. ಮಗುವೇ ನೆಗೆಟಿವ್ ಆಗಿದ್ದರೆ ಬಸಿರಿನ ಚುಚ್ಚುಮದ್ದು ದಂಡವಲ್ಲವೇ? ಯುರೋಪಿನಲ್ಲಿ ಈ ವಾದಕ್ಕೆ ಬಲವಿದೆ. ಅಲ್ಲಿ ಸುಮಾರು ಶೇ. 15ರಷ್ಟು ಜನ ನೆಗೆಟಿವ್. ಅದರಿಂದ ಲೆಕ್ಕ ಹಾಕಿದರೆ ನೆಗೆಟಿವ್ ತಾಯಂದಿರ ನೂರು ಮಕ್ಕಳಲ್ಲಿ 39 ನೆಗೆಟಿವ್ ಆಗಿರುತ್ತವೆ. ತಾಯಿಯ ರಕ್ತದಲ್ಲಿ ತೇಲುವ ಮಗುವಿನ ಡಿಎನ್‌ಎಯಿಂದಲೇ ಮಗುವಿನ ಆರ್‌ಎಚ್ ಹೇಳುವ ಪರೀಕ್ಷೆಯನ್ನು ಡೆನ್ಮಾರ್ಕ್, ನೆದರ್‌ಲ್ಯಾಂಡ್ಸ್ ಮುಂತಾದ ದೇಶಗಳು ಎಲ್ಲ ನೆಗೆಟಿವ್ ಬಸುರಿಯರಿಗೂ ಮಾಡುವುದು ಈ ಕಾರಣಕ್ಕೆ. ಭಾರತದ ಲೆಕ್ಕ ಬೇರೆ. ಇಲ್ಲಿ ನೆಗೆಟಿವ್ ಆದವರು ಶೇ. 5ರ ಆಸುಪಾಸು, ಹಾಗಾಗಿ ನೆಗೆಟಿವ್ ತಾಯಿಯ ನೂರು ಮಕ್ಕಳಲ್ಲಿ 22 ಮಾತ್ರ ನೆಗೆಟಿವ್, 78 ಪಾಸಿಟಿವ್. ಐದರಲ್ಲಿ ಸುಮಾರು ನಾಲ್ವರಿಗೆ ಹೇಗೂ ಬೇಕಾದ ಚುಚ್ಚುಮದ್ದನ್ನು ಉಳಿಸಲು ಐವರಿಗೂ ದುಬಾರಿ ಪರೀಕ್ಷೆ ಮಾಡುವುದು ನಮ್ಮಲ್ಲಿ ಲಾಭದ ಮಾತಲ್ಲ. ಗಂಡ ಖಚಿತವಾಗಿ ನೆಗೆಟಿವ್ ಎಂದಾದರೆ ಮಾತ್ರ ಚುಚ್ಚುಮದ್ದು ಬೇಡವೆನ್ನಬಹುದು. ಇಲ್ಲಿಯೇ ಒಂದು ತಪ್ಪು ನಂಬಿಕೆಯನ್ನೂ ನೋಡಬಹುದು. ಸಂಬಂಧದಲ್ಲಿ ಮದುವೆಯಾದವರಿಗೇ ಆರ್‌ಎಚ್ ತೊಂದರೆ ಬರುತ್ತದೆ ಎಂದು ಹಲವರು ತಿಳಿದಿದ್ದಾರೆ. ಸೋದರಮಾವನನ್ನು ಮದುವೆಯಾದ ನೆಗೆಟಿವ್ ಹೆಂಗಸಿನ ವಿಷಯದಲ್ಲಿ ಲೆಕ್ಕ ಹೀಗಿದೆ: ಆಕೆಯ ತಾಯಿ ಮತ್ತು ಆ ಮಾವ ಒಡಹುಟ್ಟಿದವರಾದ್ದರಿಂದ, ಮಗುವಿಗೆ ಆತನಿಂದ ಬರುವ ಜೀನು ಆಕೆಗೆ ತಾಯಿಯಿಂದ ಬಂದದ್ದೇ ಆಗಿರುವ ಸಾಧ್ಯತೆ ನಾಲ್ಕರಲ್ಲೊಂದು. ಹಾಗಾಗಿ ಮಗು ನೆಗೆಟಿವ್ ಆಗುವ ಸಂಭವ 22ರಿಂದ ಸುಮಾರು 42ಕ್ಕೆ ಏರುತ್ತದೆ, ಆರ್‌ಎಚ್ ಹೊಂದದಿರುವ ಅಪಾಯ ಕಡಿಮೆಯಾಗುತ್ತದೆ. ರಕ್ತಸಂಬಂಧದ ಮದುವೆಯಿಂದ ಬರುವ ಬೇರೆ ಆನುವಂಶಿಕ ಕಾಯಿಲೆಗಳು ನಿಜ, ಆ ದೃಷ್ಟಿಯಿಂದ ಅದನ್ನು ಬೇಡವೆನ್ನುವುದೂ ಸರಿ. ಆರ್‌ಎಚ್ ಮಾತ್ರ ಆ ಪಟ್ಟಿಗೆ ಸೇರಿದ್ದಲ್ಲ.

ನಾಲ್ಕನೆಯ ಆಕ್ಷೇಪಕ್ಕೆ ನೋವಿನ ಇತಿಹಾಸವಿದೆ. ಆ್ಯಂಟಿ-ಡಿ ಕಾರ್ಖಾನೆಯ ರಾಸಾಯನಿಕವಲ್ಲ. ಪ್ರತಿಕಾಯ ಇರುವ ನೆಗೆಟಿವ್ ದಾನಿಗಳ ಪ್ಲಾಸ್ಮಾದಿಂದ ತೆಗೆದದ್ದು. ಆಸ್ಟ್ರೇಲಿಯಾದ ಜೇಮ್ಸ್ ಹ್ಯಾರಿಸನ್ ಅಂಥ ದಾನಿ, ಜೀವಮಾನದಲ್ಲಿ ಸಾವಿರಕ್ಕೂ ಹೆಚ್ಚು ಬಾರಿ ರಕ್ತ ಕೊಟ್ಟರು. ಐರ್ಲೆಂಡಿನಲ್ಲಿ 1977ರಲ್ಲಿ ಸೋಂಕಿದ್ದ ದಾನಿಯ ಪ್ಲಾಸ್ಮಾ ಬಳಸಿದ ಆ್ಯಂಟಿ-ಡಿಯಿಂದ ನೂರಾರು ತಾಯಂದಿರಿಗೆ ಹೆಪಟೈಟಿಸ್ ಸಿ ತಗುಲಿತು. ಅದು ಬಯಲಾದದ್ದು 1994ರಲ್ಲಿ. ಆ ಹೆಂಗಸರು ಆರೋಗ್ಯವಂತರಾಗಿದ್ದರು, ಮುಂದಿನ ಮಗುವಿಗಾಗಿ ಚುಚ್ಚಿಸಿಕೊಂಡಿದ್ದರು. ಈ ಅನ್ಯಾಯವನ್ನು ಮುಚ್ಚಿಟ್ಟು ಚುಚ್ಚುಮದ್ದನ್ನು ಸಮರ್ಥಿಸಬಾರದು. ಆದರೆ ಆಗ ಹೆಪಟೈಟಿಸ್ ಸಿ ಪತ್ತೆಗೆ ಪರೀಕ್ಷೆಯೇ ಇರಲಿಲ್ಲ. ಈಗ ದಾನಿಗಳ ತಪಾಸಣೆಯ ಜೊತೆಗೆ ವೈರಾಣುಗಳನ್ನು ಕೊಲ್ಲುವ ಮತ್ತು ಸೋಸಿ ತೆಗೆಯುವ ಹಂತಗಳೂ ತಯಾರಿಕೆಯಲ್ಲಿ ಸೇರಿವೆ. ದಾನಿಗಳ ಅವಲಂಬನೆಯೇ ಬೇಡವೆಂದು ಕೋಶಗಳಲ್ಲಿ ಬೆಳೆಸಿದ ಮೊನೊಕ್ಲೋನಲ್ ಆ್ಯಂಟಿ-ಡಿ ಕೂಡ ಭಾರತದಲ್ಲಿ ತಯಾರಾಗಿ ಬಳಕೆಯಲ್ಲಿದೆ. ಯಾವುದೇ ಆದರೂ 2ರಿಂದ 8 ಡಿಗ್ರಿಯ ಶೀತದಲ್ಲಿ ಇರಬೇಕು, ಹೆಪ್ಪುಗಟ್ಟಬಾರದು.

ಇಷ್ಟೆಲ್ಲ ಇದ್ದೂ, ಜಗತ್ತಿನಲ್ಲಿ ಈ ಚುಚ್ಚುಮದ್ದು ಬೇಕಾದ ತಾಯಂದಿರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಅದು ಸಿಗುತ್ತಿಲ್ಲವೆಂಬ ಅಂದಾಜಿದೆ. ನಮ್ಮಲ್ಲಿ ಆಸ್ಪತ್ರೆಯ ಹೆರಿಗೆಗಳು ಹೆಚ್ಚಿ, ತಾಯಿ ಕಾರ್ಡಿನಲ್ಲಿ ರಕ್ತದ ಗುಂಪು ಬರೆಯುವುದು ವಾಡಿಕೆಯಾದ ಮೇಲೆ ಹೆರಿಗೆಯ ನಂತರದ ಚುಚ್ಚುಮದ್ದು ತಪ್ಪುವುದು ಕಡಿಮೆಯಾಗಬೇಕು. ಹೆಚ್ಚಾಗಿ ತಪ್ಪುವುದು ಹೆರಿಗೆಯೆಂದು ಯಾರೂ ಎಣಿಸದ ಘಟನೆಗಳಲ್ಲಿ: ನಾಲ್ಕೈದು ತಿಂಗಳಿಗೆ ಇಳಿದುಹೋದ ಗರ್ಭ, ಗರ್ಭನಾಳದಲ್ಲಿ ನಿಂತ ಬಸಿರು, ಬಸಿರಿನ ನಡುವೆ ರಕ್ತಸ್ರಾವ, ಹೊಟ್ಟೆಗೆ ಬಿದ್ದ ಪೆಟ್ಟು, ಅಡ್ಡ ತಿರುಗಿದ ಮಗುವನ್ನು ಹೊರಗಿನಿಂದ ತಿರುಗಿಸುವುದು, ಗರ್ಭದ ನೀರು ತೆಗೆದು ನೋಡುವ ಪರೀಕ್ಷೆ. ಔಷಧಿ ಅಂಗಡಿಯಿಂದ ಮಾತ್ರೆ ತಂದು ಮನೆಯಲ್ಲೇ ಗರ್ಭ ತೆಗೆಸಿಕೊಂಡವರ ರಕ್ತದ ಗುಂಪನ್ನು ಕೇಳುವವರೇ ಇರುವುದಿಲ್ಲ. ಇಲ್ಲೊಂದು ನಿಜವಾದ ಚರ್ಚೆಯೂ ನಡೆದಿದೆ. 12 ವಾರದೊಳಗಿನ ಗರ್ಭಪಾತಕ್ಕೆ ಆ್ಯಂಟಿ-ಡಿ ಬೇಕಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿತು. ಅಷ್ಟು ಎಳೆಯ ಗರ್ಭದ ಒಟ್ಟು ರಕ್ತವೇ ಕೆಲವು ಮಿಲಿಲೀಟರ್, ತಾಯಿಯ ಕಡೆಗೆ ಬರುವುದು ಅದರ ತುಣುಕು ಮಾತ್ರ. ನಮ್ಮಲ್ಲಿ ಅನೇಕ ವೈದ್ಯರು ಇಂದಿಗೂ ಸಣ್ಣ ಪ್ರಮಾಣದಲ್ಲಿ ಕೊಡುತ್ತಾರೆ. ಗರ್ಭಕ್ಕೆ ಎಷ್ಟು ವಾರವೆಂಬುದು ಸ್ಕ್ಯಾನಿನಿಂದ ಖಚಿತವಾಗಿರುವಲ್ಲಿ ಸಂಸ್ಥೆಯ ಮಾತು ಒಪ್ಪುವಂಥದು. ಮುಟ್ಟಿನ ದಿನ ನೆನಪಿಲ್ಲದೆ, ಸ್ಕ್ಯಾನೂ ಇಲ್ಲದೆ ‘ಮೂರು ತಿಂಗಳಿರಬೇಕು’ ಎನ್ನುವಲ್ಲಿ ಕೊಟ್ಟುಬಿಡುವುದೇ ಕ್ಷೇಮ. 12 ವಾರ ದಾಟಿದ ಮೇಲೆ ಕೊಡಬೇಕೆಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ.

ಒಮ್ಮೆ ದೇಹ ಕಲಿತಿತೆಂದರೆ ಆ್ಯಂಟಿ-ಡಿಯನ್ನು ಎಷ್ಟು ಚುಚ್ಚಿದರೂ ಅದನ್ನು ಮರೆಸಲಾಗದು. ಅಲ್ಲಿಂದ ದಾರಿ ಬೇರೆ, ಕಠಿಣ. ಐಸಿಟಿಯ ಮಟ್ಟವನ್ನು ತಿಂಗಳಿಗೊಮ್ಮೆ ನೋಡುತ್ತಾರೆ. ಅದು 1:16 ಅಥವಾ 1:32ಕ್ಕೆ ಏರಿದರೆ ಡಾಪ್ಲರ್ ಸ್ಕ್ಯಾನಿನಲ್ಲಿ ಮಗುವಿನ ಮೆದುಳಿನ ಒಂದು ರಕ್ತನಾಳದ ವೇಗ ಅಳೆಯುತ್ತಾರೆ. ರಕ್ತ ತೆಳುವಾದಷ್ಟೂ ವೇಗ ಹೆಚ್ಚು. ಆ ವಾರಕ್ಕೆ ಸಾಮಾನ್ಯವಾದದ್ದರ ಒಂದೂವರೆ ಪಟ್ಟು ಮೀರಿದರೆ ಮಗುವಿಗೆ ತೀವ್ರ ರಕ್ತಹೀನತೆ ಇದೆಯೆಂದರ್ಥ. ಆಗ ತಾಯಿಯ ಹೊಟ್ಟೆಯ ಮೂಲಕ ಸೂಜಿ ಇಳಿಸಿ ಹೊಕ್ಕುಳಬಳ್ಳಿಯ ನಾಳಕ್ಕೇ ಓ ನೆಗೆಟಿವ್ ಕಣಗಳನ್ನು ಕೊಡುತ್ತಾರೆ, ಕೆಲವು ವಾರಗಳಿಗೊಮ್ಮೆ, 34–35 ವಾರದವರೆಗೆ. ಗರ್ಭದಲ್ಲಿರುವ ಮಗುವಿಗೆ ರಕ್ತ ಕೊಡುವುದನ್ನು ನ್ಯೂಜಿಲೆಂಡಿನ ವಿಲಿಯಂ ಲೈಲಿ 1963ರಲ್ಲಿ ಮೊದಲು ಸಾಧಿಸಿದರು. ಇಂದೂ ಅದನ್ನು ಮಾಡಬಲ್ಲ ಕೇಂದ್ರಗಳು ದೊಡ್ಡ ನಗರಗಳಲ್ಲಷ್ಟೇ ಇವೆ. ಪ್ರತಿಕಾಯ ಮಾಸು ದಾಟುವ ಬಾಗಿಲನ್ನೇ ಮುಚ್ಚುವ ನಿಪೋಕಾಲಿಮ್ಯಾಬ್ ಎಂಬ ಔಷಧಿಯ ಫಲಿತಾಂಶ 2024ರಲ್ಲಿ ಪ್ರಕಟವಾಯಿತು. ಹಿಂದಿನ ಬಸಿರಿನಲ್ಲಿ ಮಗು ತೀವ್ರವಾಗಿ ನರಳಿದ್ದ 13 ತಾಯಂದಿರಲ್ಲಿ ಏಳು ಮಂದಿ, ಗರ್ಭದೊಳಗೆ ಒಮ್ಮೆಯೂ ರಕ್ತ ಕೊಡದೆ, 32 ವಾರ ದಾಟಿ ಜೀವಂತ ಮಕ್ಕಳನ್ನು ಹೆತ್ತರು. ಹೆಚ್ಚಿನ ತಾಯಂದಿರಲ್ಲಿ ಅದರ ಪರೀಕ್ಷೆ ಆಗಬೇಕಿದೆ.